ಡೊಮೈನ್‌ಗೂ ದುಡ್ಡು ಕಟ್ಟಿದೆ, ಮೇಲ್‌ಗೂ ಕಟ್ಟಿದೆ, ಆದರೂ ಮೇಲ್ ಬರುತ್ತಿಲ್ಲ: ಹೋಸ್ಟಿಂಗ್ ಆಟೋ-ರಿನೀವಲ್ ಆಫ್ ಮಾಡಿದ ಮೇಲಿನ ದೋಷ ನಿವಾರಣೆ

ಪೀಣ್ಯದಲ್ಲಿ ಸಿಎನ್‌ಸಿ ಮಷೀನ್ ಇಟ್ಟುಕೊಂಡು ಬಿಡಿಭಾಗ ಮಾಡಿಕೊಡುವ ಒಂದು ಸಣ್ಣ ವರ್ಕ್‌ಶಾಪ್. ಅವರ ವೆಬ್‌ಸೈಟ್ ನೋಡುವವರು ಯಾರೂ ಇಲ್ಲ. ಆದರೆ ಮೇಲ್ ಇಲ್ಲದೆ ಒಂದು ದಿನವೂ ನಡೆಯುವುದಿಲ್ಲ. ಪರ್ಚೇಸ್ ಆರ್ಡರ್ ಬರುವುದು ಅದಕ್ಕೆ, ಡ್ರಾಯಿಂಗ್ ಬರುವುದು ಅದಕ್ಕೆ, ಜಿಎಸ್‌ಟಿ ಪೋರ್ಟಲ್‌ಗೆ ಕೊಟ್ಟಿರುವ ವಿಳಾಸವೂ ಅದೇ. ಸುಮ್ನೆ ವರ್ಷ ವರ್ಷ ಹೋಸ್ಟಿಂಗ್ ದುಡ್ಡು ಯಾಕೆ ಕಟ್ಟಬೇಕು ಎಂದು ಮಾಲೀಕರು ಅದರ ಆಟೋ-ರಿನೀವಲ್ ಆಫ್ ಮಾಡಿದರು. ಡೊಮೈನ್ ಮಾತ್ರ ಆನ್‌ನಲ್ಲೇ ಬಿಟ್ಟರು. ಮೇಲ್ ಇದ್ದದ್ದು ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ. ಅದರ ಬಿಲ್ಲೇ ಬೇರೆ, ಅದನ್ನೂ ಕಟ್ಟಿದ್ದರು.

ಲೆಕ್ಕಾಚಾರ ಸರಿಯಾಗಿಯೇ ಇದೆ ಅಲ್ವಾ? ಹೋಸ್ಟಿಂಗ್ ಮುಗಿದ ದಿನ ವೆಬ್‌ಸೈಟ್ ತೆರೆದರೆ “Account Suspended” ಎಂದು ಬಂತು. ಮೇಲ್ ಎಂದಿನಂತೆ ಬರುತ್ತಿತ್ತು. ಸರಿಹೋಯಿತು ಎಂದುಕೊಂಡು ಎಲ್ಲರೂ ಮರೆತರು. ಕೆಲವು ವಾರ ಕಳೆದ ಮೇಲೆ ಒಂದು ಕಂಪನಿಯ ಪರ್ಚೇಸ್‌ನವರು ಫೋನ್ ಮಾಡಿ, “ಪಿಒ ಕಳಿಸಿ ಎಷ್ಟು ದಿನ ಆಯ್ತು, ಉತ್ತರವೇ ಇಲ್ಲವಲ್ಲ” ಎಂದು ಕೇಳಿದರು. ಮಾಲೀಕರು ನನಗೆ ಫೋನ್ ಮಾಡಿದರು. “ಡೊಮೈನ್ ದುಡ್ಡು ಕಟ್ಟಿದೀವಿ, ಗೂಗಲ್‌ಗೂ ಕಟ್ಟಿದೀವಿ. ಮತ್ತೆ ಮೇಲ್ ಯಾಕೆ ಸರ್ ನಿಂತುಹೋಯ್ತು?”

ಈ ದೋಷ ಗುರುತಿಸುವುದು ಕಷ್ಟ, ಏಕೆಂದರೆ ಮೇಲ್ ಪೂರ್ತಿ ನಿಂತಿರುವುದಿಲ್ಲ. ಆಫೀಸಿನೊಳಗೆ ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿದ ಮೇಲ್ ಆರಾಮಾಗಿ ಹೋಗುತ್ತಿತ್ತು. ಅದು ಗೂಗಲ್ ಒಳಗೇ ತಲುಪಿಬಿಡುತ್ತದೆ, ಹೊರಗಿನ ದಾರಿ ಹಿಡಿಯುವುದೇ ಇಲ್ಲ. ಲಾಗಿನ್ ಆಗುತ್ತದೆ, ಹಳೆಯ ಮೇಲ್ ಎಲ್ಲ ಇದೆ. ಹೊರಗೆ ಕಳಿಸಿದ್ದು ಕೆಲವರಿಗೆ ಹೋಗುತ್ತದೆ, ಕೆಲವರ ಸ್ಪ್ಯಾಮ್‌ಗೆ ಬೀಳುತ್ತದೆ, ಕೆಲವರ ಸರ್ವರ್ ತೆಗೆದುಕೊಳ್ಳುವುದೇ ಇಲ್ಲ. ಹೊರಗಿನಿಂದ ಬರುವುದು ಮಾತ್ರ ಪೂರ್ತಿ ಬಂದ್. “ನಮ್ಮ ಕಡೆ ಎಲ್ಲ ಸರಿ ಇದೆ ಸರ್, ನೀವೇ ತಪ್ಪು ಅಡ್ರೆಸ್‌ಗೆ ಕಳಿಸಿರಬೇಕು” ಎಂದು ಲೆಕ್ಕ ನೋಡಿಕೊಳ್ಳುವ ಮೇಡಂ ಗ್ರಾಹಕರಿಗೇ ಹೇಳಿದ್ದರಂತೆ. ಅವರನ್ನು ದೂರುವ ಹಾಗಿಲ್ಲ, ಅವರ ಸ್ಕ್ರೀನ್‌ನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು.

ಮೇಲ್ ಯಾವುದರ ಮೇಲೆ ನಿಂತಿದೆ

ಡೊಮೈನ್, ಹೋಸ್ಟಿಂಗ್, ಮೇಲ್ ಎಂದು ಮೂರು ಬಿಲ್ ಬರುತ್ತದೆ. ಆದರೆ ಕೆಲಸ ಮಾಡುವುದು ನಾಲ್ಕು. ಬಿಲ್‌ನಲ್ಲಿ ಕಾಣದ ಆ ನಾಲ್ಕನೆಯದೇ ಡಿಎನ್‌ಎಸ್ ಝೋನ್. ನಿಮ್ಮ ಹೆಸರಿಗೆ ಬಂದ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಎಂದು ಬರೆದಿಟ್ಟಿರುವುದು ಅದರಲ್ಲೇ, ಎಂಎಕ್ಸ್ ರೆಕಾರ್ಡ್ ರೂಪದಲ್ಲಿ. ಆ ಝೋನ್ ಯಾರ ಬಳಿ ಇದೆ ಎಂದು ಹೇಳುವುದು ನೇಮ್‌ಸರ್ವರ್.

ಹೋಸ್ಟಿಂಗ್ ತೆಗೆದುಕೊಂಡಾಗ “ನಮ್ಮ ನೇಮ್‌ಸರ್ವರ್ ಹಾಕಿ” ಎಂದು ಕಂಪನಿಯವರು ಹೇಳುತ್ತಾರೆ, ನಾವು ಹಾಕುತ್ತೇವೆ. ಅಲ್ಲಿಗೆ ಝೋನ್ ಹೋಸ್ಟಿಂಗ್ ಸರ್ವರ್ ಒಳಗೆ ಹೋಯಿತು. ಆಮೇಲೆ ಗೂಗಲ್ ಮೇಲ್ ತೆಗೆದುಕೊಂಡಾಗ ಅದರ ಎಂಎಕ್ಸ್ ಸೇರಿಸಿದ್ದೂ ಅದೇ ಹೋಸ್ಟಿಂಗ್‌ನ ಸಿಪ್ಯಾನೆಲ್ ಎಂಬ ನಿರ್ವಹಣಾ ಪುಟದಲ್ಲಿ. ಅಂದರೆ ಮೇಲ್ ಗೂಗಲ್‌ನಲ್ಲಿದ್ದರೂ ಅದಕ್ಕೆ ದಾರಿ ತೋರಿಸುತ್ತಿದ್ದದ್ದು ಹೋಸ್ಟಿಂಗ್‌ನವರು.

ಹೋಸ್ಟಿಂಗ್ ಅವಧಿ ಮುಗಿದ ಕೂಡಲೇ ಅಕೌಂಟ್ ಸಾಮಾನ್ಯವಾಗಿ ಸಸ್ಪೆಂಡ್ ಆಗುತ್ತದೆ ಅಷ್ಟೇ. ವೆಬ್‌ಸೈಟ್ ಮುಚ್ಚುತ್ತಾರೆ, ಝೋನ್ ಹಾಗೇ ಇರುತ್ತದೆ, ಮೇಲ್ ಬರುತ್ತಲೇ ಇರುತ್ತದೆ. ಆಮೇಲೆ ಒಂದು ದಿನ ಅಕೌಂಟ್ ಅನ್ನೇ ತೆಗೆದುಹಾಕುತ್ತಾರೆ. ಆಗ ಝೋನ್ ಕೂಡ ಅಳಿಸಿಹೋಗುತ್ತದೆ. ಪೀಣ್ಯದವರ ಮೇಲ್ ನಿಂತದ್ದು ಆ ದಿನ. ಈ ನಡುವಿನ ವಾರಗಳೇ ಮೋಸ. ಬಟನ್ ಒತ್ತಿದ್ದು ಯಾವಾಗಲೋ, ಪೆಟ್ಟು ಬಿದ್ದದ್ದು ಯಾವಾಗಲೋ. ಒಂದಕ್ಕೊಂದು ಸಂಬಂಧ ಇದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ದೋಷ ಎಲ್ಲಿದೆ ಎಂದು ಕಂಡುಹಿಡಿಯುವುದು

ನಾನು ಮೊದಲು ಕೇಳಿದ್ದು ತಲುಪದೆ ಬೌನ್ಸ್ ಆಗಿ ವಾಪಸ್ ಹೋದ ಮೇಲ್. ಪರ್ಚೇಸ್‌ನವರು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರು. ಅದರಲ್ಲಿದ್ದ ಸಾಲು ಇದು (ನಿಜವಾದ ಡೊಮೈನ್ ಬದಲು ಎಲ್ಲ ಕಡೆ `example.com` ಹಾಕಿದ್ದೇನೆ):

```
Host or domain name not found. Name service error
for name=example.com type=MX: Host not found, try again
```

ಕೊನೆಯಲ್ಲಿರುವ `try again` ಬಹಳ ಮುಖ್ಯ. ಕಳಿಸುವ ಸರ್ವರ್‌ಗೆ “ಈ ಹೆಸರೇ ಇಲ್ಲ” ಎಂಬ ಉತ್ತರ ಸಿಕ್ಕಿಲ್ಲ. ಉತ್ತರವೇ ಸಿಕ್ಕಿಲ್ಲ. ಹಾಗಾಗಿ ಅದು ಇದನ್ನು ತಾತ್ಕಾಲಿಕ ತೊಂದರೆ ಎಂದುಕೊಂಡು ಮೇಲ್ ಅನ್ನು ಕ್ಯೂನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ತುಂಬಾ ಕಡೆ ಬಳಸುವ ಪೋಸ್ಟ್‌ಫಿಕ್ಸ್ ಮೇಲ್ ಸರ್ವರ್‌ನಲ್ಲಿ ಈ ಅವಧಿ, ಬದಲಾಯಿಸದಿದ್ದರೆ, 5 ದಿನ. ಅಷ್ಟು ದಿನ ಕಳಿಸಿದವರಿಗೂ ಗೊತ್ತಾಗುವುದಿಲ್ಲ, ಬರಬೇಕಾದವರಿಗೂ ಗೊತ್ತಾಗುವುದಿಲ್ಲ. ಒಂದು ಸಮಾಧಾನ ಏನೆಂದರೆ, ಆ ಅವಧಿಯೊಳಗೆ ಸರಿ ಮಾಡಿದರೆ ಕ್ಯೂನಲ್ಲಿರುವ ಮೇಲ್ ತಾನಾಗಿಯೇ ಬಂದು ಸೇರುತ್ತದೆ. ಅದಕ್ಕೇ ಈ ಸಾಲು ಕಂಡರೆ ನಾಳೆ ನೋಡೋಣ ಎಂದು ಬಿಡಬೇಡಿ.

ಮುಂದೆ ಡಿಎನ್‌ಎಸ್ ಅನ್ನೇ ಕೇಳಬೇಕು. ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ:

```
dig @8.8.8.8 example.com MX
```

ವಿಂಡೋಸ್‌ನಲ್ಲಿ `nslookup -type=mx example.com 8.8.8.8`. `dig` ಕೊಡುವ ಉತ್ತರದ ಮೇಲ್ಭಾಗದಲ್ಲಿ `status:` ಎಂದಿರುತ್ತದೆ. ಇಡೀ ರೋಗ ಆ ಒಂದು ಪದದಲ್ಲಿದೆ.

`NXDOMAIN` ಎಂದಿದ್ದರೆ ಆ ಹೆಸರು ರಿಜಿಸ್ಟ್ರಿಯ, ಅಂದರೆ ಎಲ್ಲ ಡೊಮೈನ್ ಹೆಸರುಗಳ ಮೂಲ ದಾಖಲೆ ಇಟ್ಟುಕೊಂಡವರ, ಪಟ್ಟಿಯಲ್ಲೇ ಇಲ್ಲ. ಡೊಮೈನ್ ಅವಧಿ ಮುಗಿದಿದೆ, ಇಲ್ಲವೇ ಹೋಲ್ಡ್‌ನಲ್ಲಿ ಇಟ್ಟಿದ್ದಾರೆ. ಇಂಥದ್ದರಲ್ಲಿ ಬೌನ್ಸ್ ಕೂಡಲೇ ಬರುತ್ತದೆ, `try again` ಇರುವುದಿಲ್ಲ. ಮೊದಲು ಡೊಮೈನ್ ರಿನೀವ್ ಮಾಡಿ, ಉಳಿದದ್ದು ಆಮೇಲೆ. ಅವಧಿ ಮುಗಿದ ಡೊಮೈನ್ ಅನ್ನು ಕೆಲವು ರಿಜಿಸ್ಟ್ರಾರ್‌ಗಳು, ಅಂದರೆ ಡೊಮೈನ್ ಮಾರುವ ಕಂಪನಿಯವರು, ತಮ್ಮ ಜಾಹೀರಾತು ಪುಟಕ್ಕೆ ತಿರುಗಿಸುತ್ತಾರೆ. ಆಗ `NXDOMAIN` ಬರುವುದಿಲ್ಲ, ನೀವು ಕೇಳಿಯೇ ಇರದ ನೇಮ್‌ಸರ್ವರ್ ಹೆಸರು ಕಾಣುತ್ತದೆ. ಮದ್ದು ಮಾತ್ರ ಅದೇ.

`NOERROR` ಎಂದಿದ್ದು ಉತ್ತರದಲ್ಲಿ ಎಂಎಕ್ಸ್ ಸಾಲೇ ಇಲ್ಲದಿದ್ದರೆ, ಝೋನ್ ಇದೆ, ಎಂಎಕ್ಸ್ ಹಾಕಿಲ್ಲ. ನೇಮ್‌ಸರ್ವರ್ ಬದಲಾಯಿಸುವಾಗ ರೆಕಾರ್ಡ್ ನಕಲು ಮಾಡಲು ಮರೆತವರಿಗೆ ಹೀಗಾಗುತ್ತದೆ. ಎಂಎಕ್ಸ್ ಇಲ್ಲದಿದ್ದರೆ ಕಳಿಸುವ ಸರ್ವರ್‌ಗಳು ಎ ರೆಕಾರ್ಡ್ ತೋರಿಸುವ ವೆಬ್ ಸರ್ವರ್‌ಗೇ ಮೇಲ್ ಕೊಡಲು ಹೋಗುತ್ತವೆ. ಅಲ್ಲಿ “ರಿಲೇ ಮಾಡುವುದಿಲ್ಲ” ಅಥವಾ “ಇಂಥ ಬಳಕೆದಾರರಿಲ್ಲ” ಎಂದು ವಾಪಸ್ ಆಗುತ್ತದೆ. ಆ ಬೌನ್ಸ್ ನೋಡಿ ಮೇಲ್‌ಬಾಕ್ಸ್ ಅಳಿಸಿಹೋಯಿತು ಎಂದು ಗಾಬರಿಯಾಗಬೇಕಿಲ್ಲ.

ಪೀಣ್ಯದವರಿಗೆ ಬಂದದ್ದು ಮೂರನೆಯದು, `SERVFAIL`. ಹೆಸರು ಪಟ್ಟಿಯಲ್ಲಿದೆ, ನೇಮ್‌ಸರ್ವರ್ ಯಾವುದು ಎಂದೂ ಬರೆದಿದೆ, ಆದರೆ ಆ ನೇಮ್‌ಸರ್ವರ್ ಇವರ ಬಗ್ಗೆ ಉತ್ತರ ಕೊಡುತ್ತಿಲ್ಲ. ಗಟ್ಟಿ ಮಾಡಿಕೊಳ್ಳಲು ಡೊಮೈನ್‌ನ ನೋಂದಣಿ ವಿವರ ತೋರಿಸುವ `whois` ನೋಡಿದೆ. `Registry Expiry Date` ಮುಂದಿನ ವರ್ಷದ್ದಿತ್ತು, ಅಂದರೆ ಡೊಮೈನ್ ಭದ್ರ. `Name Server` ಎಂಬ ಎರಡು ಸಾಲಿನಲ್ಲೂ ಹಳೆಯ ಹೋಸ್ಟಿಂಗ್‌ನವರ ಹೆಸರೇ ಇತ್ತು. ಅವರ ನೇಮ್‌ಸರ್ವರ್‌ನನ್ನೇ ನೇರವಾಗಿ ಕೇಳಿದೆ:

```
dig @ns1.oldhost.example example.com MX
```

ಬಂದ ಉತ್ತರ `status: REFUSED`. ಸರ್ವರ್ ನಡೆಯುತ್ತಿದೆ, ಈ ಡೊಮೈನ್ ಮಾತ್ರ ಈಗ ನನ್ನ ಬಳಿ ಇಲ್ಲ ಎನ್ನುತ್ತಿದೆ. ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹೊರಗೆ ಹೋಗುವ ಮೇಲ್ ಅರ್ಧಂಬರ್ಧ ಹೋಗುತ್ತಿದ್ದದ್ದಕ್ಕೂ ಇದೇ ಕಾರಣ. “ಈ ಹೆಸರಿನಲ್ಲಿ ಗೂಗಲ್ ಮೇಲ್ ಕಳಿಸಬಹುದು” ಎನ್ನುವ ಎಸ್‌ಪಿಎಫ್ ಸಾಲು, ಸಹಿ ಪರೀಕ್ಷಿಸುವ ಡಿಕಿಮ್ ಕೀ, ಎರಡೂ ಇದ್ದದ್ದು ಆ ಝೋನ್‌ನಲ್ಲೇ. ಅವು ಸಿಗದಿದ್ದಾಗ ಕಟ್ಟುನಿಟ್ಟಾದ ಸರ್ವರ್‌ಗಳು ಮೇಲ್ ಬೇಡ ಎನ್ನುತ್ತವೆ, ಸಡಿಲವಾದವು ಸ್ಪ್ಯಾಮ್‌ಗೆ ಹಾಕುತ್ತವೆ.

ಸರಿ ಮಾಡಿದ್ದು

ಹೋಸ್ಟಿಂಗ್‌ಗೆ ಮತ್ತೆ ದುಡ್ಡು ಕಟ್ಟುವ ಅಗತ್ಯ ಬೀಳಲಿಲ್ಲ. ಬಹಳಷ್ಟು ರಿಜಿಸ್ಟ್ರಾರ್‌ಗಳು ಡೊಮೈನ್ ಜೊತೆಗೇ ಡಿಎನ್‌ಎಸ್ ಸೇವೆಯನ್ನೂ ಬೇರೆ ದುಡ್ಡಿಲ್ಲದೆ ಕೊಡುತ್ತಾರೆ, ಇವರಿಗೂ ಇತ್ತು. ಅಲ್ಲಿ ಝೋನ್ ಕಟ್ಟಿ, ನೇಮ್‌ಸರ್ವರ್ ಅನ್ನು ರಿಜಿಸ್ಟ್ರಾರ್‌ನದಕ್ಕೆ ಬದಲಾಯಿಸುವುದು ದಾರಿ.

ಹಳೆಯ ಝೋನ್ ಅಳಿಸಿಹೋಗಿದ್ದರಿಂದ ನಕಲು ಮಾಡಲು ಏನೂ ಇರಲಿಲ್ಲ. ಆದರೆ ಮೇಲ್‌ಗೆ ಬೇಕಾದದ್ದೆಲ್ಲ ಗೂಗಲ್ ಕಡೆಯಿಂದಲೇ ಸಿಗುತ್ತದೆ. ಈಗ ಗೂಗಲ್ ವರ್ಕ್‌ಸ್ಪೇಸ್‌ಗೆ ಒಂದೇ ಎಂಎಕ್ಸ್ ಸಾಕು, ಆದ್ಯತೆ 1, ಸರ್ವರ್ `smtp.google.com`. ಹಳೆಯ ಅಕೌಂಟ್‌ಗಳಲ್ಲಿ `aspmx.l.google.com` ಎಂದು ಶುರುವಾಗುವ ಐದು ಸಾಲಿನ ಗುಂಪು ಇರುತ್ತದೆ, ಅದೂ ನಡೆಯುತ್ತದೆ. ಎಸ್‌ಪಿಎಫ್ ಒಂದು ಟಿಎಕ್ಸ್‌ಟಿ ರೆಕಾರ್ಡ್:

```
v=spf1 include:_spf.google.com ~all
```

ಡಿಕಿಮ್ ಕೀ ಗೂಗಲ್ ಅಡ್ಮಿನ್ ಕನ್ಸೋಲ್‌ನಲ್ಲಿ ಜಿಮೇಲ್ ಸೆಟ್ಟಿಂಗ್ ಒಳಗೆ `Authenticate email` ಎಂಬಲ್ಲಿ ಕಾಣುತ್ತದೆ. ಅದನ್ನು `google._domainkey` ಎಂಬ ಹೆಸರಿನಲ್ಲಿ ಟಿಎಕ್ಸ್‌ಟಿ ರೆಕಾರ್ಡ್ ಆಗಿ ಹಾಕಬೇಕು. ಕೀ ಉದ್ದ ಇರುತ್ತದೆ, ಕಾಪಿ ಮಾಡುವಾಗ ನಡುವೆ ಸ್ಪೇಸ್ ಸೇರಿದರೂ ಕೆಡುತ್ತದೆ. ಹಾಕಿದ ಮೇಲೆ ಅದೇ ಪುಟದಲ್ಲಿ ಸ್ಥಿತಿ ನೋಡಿಕೊಳ್ಳಿ.

ಇಷ್ಟಾದ ಮೇಲೂ ನೇಮ್‌ಸರ್ವರ್ ಮುಟ್ಟಬೇಡಿ. ಹೊಸ ನೇಮ್‌ಸರ್ವರ್ ಹೆಸರನ್ನು `@` ಪಕ್ಕ ಹಾಕಿ ಅದೇ `dig` ಓಡಿಸಿ. ಎಂಎಕ್ಸ್ ಸರಿಯಾಗಿ ಬಂದರೆ ಮಾತ್ರ ಬದಲಾಯಿಸಿ. `.com` ಹೆಸರುಗಳಿಗೆ ನೇಮ್‌ಸರ್ವರ್ ಮಾಹಿತಿ 172800 ಸೆಕೆಂಡ್, ಅಂದರೆ ಎರಡು ದಿನದವರೆಗೆ ಅಲ್ಲಲ್ಲಿ ಸರ್ವರ್‌ಗಳ ತಾತ್ಕಾಲಿಕ ನೆನಪಿನಲ್ಲಿ ಉಳಿಯಬಹುದು. ಹಾಗಾಗಿ ಕೆಲವರ ಮೇಲ್ ಬೇಗ ಬರುತ್ತದೆ, ಕೆಲವರದ್ದು ತಡವಾಗುತ್ತದೆ. ಪೀಣ್ಯದವರಿಗೂ ಹಾಗೇ ಆಯಿತು. ಕ್ಯೂನಲ್ಲಿ ಇನ್ನೂ ಉಳಿದಿದ್ದ ಮೇಲ್‌ಗಳು ಒಂದೊಂದಾಗಿ ಬಂದವು. 5 ದಿನ ದಾಟಿ ಬೌನ್ಸ್ ಆಗಿದ್ದ ಪಿಒ ಅನ್ನು ಮಾತ್ರ ಫೋನ್ ಮಾಡಿ ಮತ್ತೆ ಕಳಿಸಿ ಎಂದು ಕೇಳಬೇಕಾಯಿತು.

ಇನ್ನೂ ಆಫ್ ಮಾಡಿಲ್ಲದಿದ್ದರೆ

ನಿಮ್ಮ ಕೆಲಸ ಸುಲಭ, ಹಳೆಯ ಝೋನ್ ಇನ್ನೂ ಕಣ್ಣೆದುರಿಗೇ ಇದೆ. ಸಿಪ್ಯಾನೆಲ್‌ನ `Zone Editor` ತೆರೆದು ಪ್ರತಿ ಸಾಲನ್ನೂ ಬರೆದಿಟ್ಟುಕೊಳ್ಳಿ, ಇಲ್ಲವೇ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. `dig` ಇಡೀ ಪಟ್ಟಿಯನ್ನು ಕೊಡುವುದಿಲ್ಲ, ಹೆಸರು ಹೇಳಿ ಕೇಳಿದ್ದನ್ನು ಮಾತ್ರ ಕೊಡುತ್ತದೆ. ಹೊಸ ಕಡೆ ಝೋನ್ ಕಟ್ಟಿ, ಪರೀಕ್ಷಿಸಿ, ನೇಮ್‌ಸರ್ವರ್ ಬದಲಾಯಿಸಿ. ಡಿಎನ್‌ಎಸ್ ಉತ್ತರಕ್ಕೆ ಸಹಿ ಹಾಕುವ ಡಿಎನ್‌ಎಸ್‌ಸೆಕ್ ಆನ್ ಇದ್ದರೆ ಅದನ್ನು ಮೊದಲೇ ತೆಗೆದು ಒಂದೆರಡು ದಿನ ಕಾಯಿರಿ. ಇಲ್ಲದಿದ್ದರೆ ಹೊಸ ಝೋನ್ ಎಷ್ಟೇ ಸರಿಯಿದ್ದರೂ `SERVFAIL` ಬರುತ್ತದೆ. ಮೇಲ್ ಹೊಸ ದಾರಿಯಲ್ಲಿ ಒಂದು ವಾರ ಸರಿಯಾಗಿ ಓಡಿದ ಮೇಲೆ ಹೋಸ್ಟಿಂಗ್‌ನ ಆಟೋ-ರಿನೀವಲ್ ಆಫ್ ಮಾಡಿ. ಹಾಗಾಗಿ ಈ ಕೆಲಸವನ್ನು ರಿನೀವಲ್ ತಾರೀಖಿನ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ, ಒಂದು ತಿಂಗಳು ಮುಂಚೆಯೇ ಶುರು ಮಾಡಿ.

ಆಫ್ ಮಾಡುವುದು ಬೇರೆ, `Cancel` ಒತ್ತುವುದು ಬೇರೆ. ಆಟೋ-ರಿನೀವಲ್ ಆಫ್ ಮಾಡಿದರೆ ಕಟ್ಟಿದ ಅವಧಿ ಮುಗಿಯುವವರೆಗೂ ಸೇವೆ ಇರುತ್ತದೆ. `Cancel` ಮಾಡಿದರೆ ಕೆಲವು ಕಡೆ ಅಂದೇ ಅಕೌಂಟ್ ಹೋಗುತ್ತದೆ.

ಡೊಮೈನ್‌ನ ಆಟೋ-ರಿನೀವಲ್ ಕೂಡ ಆಫ್ ಮಾಡಬೇಕೆ? ಮೇಲ್ ಬಳಸುತ್ತಿರುವವರೆಗೆ ಬೇಡ ಎಂದೇ ನಾನು ಹೇಳುತ್ತೇನೆ. ಕಾರ್ಡ್‌ನಿಂದ ತಾನಾಗಿ ಕಟ್ ಆಗುವುದು ಇಷ್ಟವಿಲ್ಲ ಎನ್ನುವವರು ಮೊದಲು ಕೈಯಾರೆ ಕೆಲವು ವರ್ಷಕ್ಕೆ ಒಟ್ಟಿಗೆ ಕಟ್ಟಿ, ಆಮೇಲೆ ಆಫ್ ಮಾಡಿ. `.com` ಅನ್ನು ಒಟ್ಟು 10 ವರ್ಷದವರೆಗೆ ಮುಂಗಡ ಕಟ್ಟಬಹುದು. ಡೊಮೈನ್ ಕೈತಪ್ಪಿದರೆ ಹೋಗುವುದು ಬರೀ ಮೇಲ್ ಅಲ್ಲ. ಮುಂದೆ ಆ ಹೆಸರನ್ನು ಕೊಂಡವರು ನಿಮ್ಮದೇ ವಿಳಾಸವನ್ನು ಮತ್ತೆ ಸೃಷ್ಟಿಸಬಹುದು. ಆಗ ನಿಮ್ಮ ಪಾಸ್‌ವರ್ಡ್ ರೀಸೆಟ್, ನಿಮ್ಮ ಓಟಿಪಿ, ಗ್ರಾಹಕರ ಪಿಒ ಎಲ್ಲ ಅವರಿಗೆ ಹೋಗುತ್ತದೆ.

ಇನ್ನೊಂದು ಗಂಟು ರಿಜಿಸ್ಟ್ರಾರ್ ಅಕೌಂಟ್‌ನ ಲಾಗಿನ್ ಮೇಲ್. ಅದು ಇದೇ ಡೊಮೈನ್‌ನ ವಿಳಾಸವಾಗಿದ್ದರೆ, ಡೊಮೈನ್ ನಿಂತ ದಿನ ಅದನ್ನು ಉಳಿಸಿಕೊಳ್ಳಲು ಬೇಕಾದ ಮೇಲ್ ಕೂಡ ನಿಲ್ಲುತ್ತದೆ. `.com` ತರಹದ ಹೆಸರುಗಳಿಗೆ ಡೊಮೈನ್ ವ್ಯವಸ್ಥೆಯ ಜಾಗತಿಕ ಸಂಸ್ಥೆ ಐಕ್ಯಾನ್‌ನ ನಿಯಮದ ಪ್ರಕಾರ ರಿಜಿಸ್ಟ್ರಾರ್ ಸುಮಾರು ಒಂದು ತಿಂಗಳು ಮುಂಚೆ, ಒಂದು ವಾರ ಮುಂಚೆ, ಮತ್ತೆ ಅವಧಿ ಮುಗಿದ 5 ದಿನದೊಳಗೆ ನೋಟಿಸ್ ಕಳಿಸಲೇಬೇಕು. ಸತ್ತ ವಿಳಾಸಕ್ಕೆ ಕಳಿಸಿದ ಕೊನೆಯ ನೋಟಿಸ್‌ನಿಂದ ಏನು ಪ್ರಯೋಜನ? ಲಾಗಿನ್‌ಗೂ, ರಿಜಿಸ್ಟ್ರಂಟ್ ವಿವರಕ್ಕೂ ಹೊರಗಿನ ಒಂದು ವಿಳಾಸ ಕೊಡಿ. `.in` ನಡೆಸುವುದು ನಿಕ್ಸಿ, ಐಕ್ಯಾನ್‌ನ ಈ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ಹಾಗಾಗಿ `.in` ಇಟ್ಟುಕೊಂಡವರು ತಾರೀಖನ್ನು ಸ್ವಂತ ಕ್ಯಾಲೆಂಡರ್‌ನಲ್ಲೂ ಹಾಕಿಕೊಳ್ಳಿ.

ಮೇಲ್ ಹೋಸ್ಟಿಂಗ್‌ನಲ್ಲೇ ಇದ್ದರೆ

ಎಂಎಕ್ಸ್ ಕೇಳಿದಾಗ ನಿಮ್ಮದೇ ಡೊಮೈನ್ ಹೆಸರೋ `mail.example.com` ಎಂದೋ ಬಂತು, ಅದರ ಐಪಿಯೂ ವೆಬ್‌ಸೈಟ್‌ನ ಐಪಿಯೂ ಒಂದೇ ಎಂದಾದರೆ ಮೇಲ್‌ಬಾಕ್ಸೇ ಹೋಸ್ಟಿಂಗ್ ಸರ್ವರ್ ಒಳಗಿದೆ. ಆಗ ಝೋನ್ ಸರಿಸಿದರೆ ಸಾಲದು. ಬೇರೆ ಕಡೆ ಮೇಲ್ ಸೇವೆ ತೆಗೆದುಕೊಂಡು, ಅದೇ ವಿಳಾಸಗಳನ್ನು ಸೃಷ್ಟಿಸಿ, ಎಂಎಕ್ಸ್ ಬದಲಾಯಿಸಿ, ಆಮೇಲೆ ಹಳೆಯ ಮೇಲ್ ಸಾಗಿಸಬೇಕು. ಸಾಗಿಸಲು `imapsync` ಚೆನ್ನಾಗಿದೆ. ಕಮ್ಯಾಂಡ್ ಗೊತ್ತಿಲ್ಲದವರು ಥಂಡರ್‌ಬರ್ಡ್‌ನಲ್ಲಿ ಎರಡೂ ಅಕೌಂಟ್ ಹಾಕಿ ಫೋಲ್ಡರ್ ಕಾಪಿ ಮಾಡಬಹುದು.

“ಮೇಲ್ ಎಲ್ಲ ನನ್ನ ಔಟ್‌ಲುಕ್‌ನಲ್ಲಿ ಇದೆಯಲ್ಲ” ಎಂದು ಧೈರ್ಯವಾಗಿರಬೇಡಿ. ಐಮ್ಯಾಪ್‌ನಲ್ಲಿ ಔಟ್‌ಲುಕ್ ತೋರಿಸುವುದು ಸರ್ವರ್‌ನ ಪ್ರತಿಯನ್ನು. ಸರ್ವರ್‌ನಲ್ಲಿ ಅದೇ ಹೆಸರಿನ ಖಾಲಿ ಮೇಲ್‌ಬಾಕ್ಸ್ ಬಂದರೆ, ಸಿಂಕ್ ಆದಾಗ ನಿಮ್ಮ ಕಂಪ್ಯೂಟರ್‌ನಲ್ಲೂ ಖಾಲಿಯಾಗುತ್ತದೆ. ಹಳೆಯ ಹೋಸ್ಟಿಂಗ್ ಇರುವಾಗಲೇ ಲೋಕಲ್ ಫೋಲ್ಡರ್‌ಗೆ ಒಂದು ಪ್ರತಿ ತೆಗೆದಿಡಿ.

ಬ್ಯಾಂಕ್ ಕಡೆಯಿಂದ ನಿಲ್ಲಿಸುವುದು

ನಮ್ಮಲ್ಲಿ ಜಾಸ್ತಿ ಜನ ಹಿಡಿಯುವ ಅಡ್ಡದಾರಿ ಇದು. ಆರ್‌ಬಿಐ ನಿಯಮದಂತೆ ಮ್ಯಾಂಡೇಟ್ ಮೇಲೆ ದುಡ್ಡು ಕಟ್ ಆಗುವ ಕನಿಷ್ಠ 24 ಗಂಟೆ ಮುಂಚೆ ಮೆಸೇಜ್ ಬರುತ್ತದೆ. ಅದನ್ನು ನೋಡಿದ ಕೂಡಲೇ ಯುಪಿಐ ಆ್ಯಪ್‌ನಲ್ಲಿ ಆಟೋಪೇ ರದ್ದು ಮಾಡಿ, ಹೋಸ್ಟಿಂಗ್ ಕಾಟ ಮುಗಿಯಿತು ಎಂದುಕೊಳ್ಳುತ್ತಾರೆ. ಹೋಸ್ಟಿಂಗ್, ಡೊಮೈನ್ ಎರಡೂ ಒಂದೇ ಕಂಪನಿಯಲ್ಲಿದ್ದು ಒಂದೇ ಮ್ಯಾಂಡೇಟ್ ಮೇಲೆ ನಡೆಯುತ್ತಿದ್ದರೆ, ಅಲ್ಲಿಗೆ ಡೊಮೈನ್‌ನ ದುಡ್ಡೂ ನಿಂತಿತು. ರಿಜಿಸ್ಟ್ರಾರ್ ಡ್ಯಾಶ್‌ಬೋರ್ಡ್‌ನಲ್ಲಿ ಮಾತ್ರ ಡೊಮೈನ್ ಎದುರಿಗೆ `Auto-renew: On` ಎಂದೇ ಕಾಣುತ್ತಿರುತ್ತದೆ. ಆನ್ ಇದೆ ನಿಜ, ದುಡ್ಡು ಬರುವ ದಾರಿ ಮುಚ್ಚಿದೆ. ಕಾರ್ಡ್ ಬದಲಾದಾಗ ಆಗುವುದೂ ಇದೇ.

ಹಾಗಾಗಿ ನಿಲ್ಲಿಸುವ ಕೆಲಸವನ್ನು ರಿಜಿಸ್ಟ್ರಾರ್ ಡ್ಯಾಶ್‌ಬೋರ್ಡ್‌ನಲ್ಲೇ, ಹೋಸ್ಟಿಂಗ್ ಎಂಬ ಐಟಂ ಎದುರಿಗೇ ಮಾಡಿ. ಮ್ಯಾಂಡೇಟ್ ರದ್ದು ಮಾಡಲೇಬೇಕಾದರೆ ಅದಕ್ಕೂ ಮೊದಲು ಡೊಮೈನ್‌ಗೆ ಕೈಯಾರೆ ಕಟ್ಟಿ, `whois`ನಲ್ಲಿ ತಾರೀಖು ಮುಂದಕ್ಕೆ ಹೋಗಿದೆಯೇ ನೋಡಿ. ಡೊಮೈನ್ ಹೋಸ್ಟಿಂಗ್ ಜೊತೆ ಫ್ರೀ ಬಂದದ್ದಾದರೆ, ಪ್ಲಾನ್ ನಿಂತ ಮೇಲೆ ಅದರ ರಿನೀವಲ್ ದರ ಎಷ್ಟು ಎಂದು ಸಪೋರ್ಟ್‌ನವರಿಂದ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ. 18% ಜಿಎಸ್‌ಟಿ ಸೇರಿಸಿ ಹೇಳುತ್ತಿದ್ದಾರೋ ಬಿಟ್ಟು ಹೇಳುತ್ತಿದ್ದಾರೋ ಎಂದೂ ಕೇಳಿ.